ಚಾನೆಲ್ ಕುಸಿದರೂ ವೀಕ್ಷಕರು ಕೈತಪ್ಪದಿರಲು

2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧವಾದಾಗ ಅಲ್ಲಿ ಲಕ್ಷಗಟ್ಟಲೆ ಫಾಲೋವರ್‌ಗಳಿದ್ದವರಿಗೂ ಅವರಲ್ಲಿ ಒಬ್ಬರ ವಿಳಾಸವೂ ಗೊತ್ತಿರಲಿಲ್ಲ. ಯೂಟ್ಯೂಬ್‌ನಲ್ಲೂ ಅಷ್ಟೇ. ಸಬ್‌ಸ್ಕ್ರೈಬರ್‌ಗಳ ಸಂಖ್ಯೆ ಕಾಣುತ್ತದೆ, ಅವರ ಇಮೇಲ್ ಸಿಗುವುದಿಲ್ಲ. ಹಾಗಾದರೆ ವೀಕ್ಷಕರನ್ನು ನಮ್ಮ ಪಟ್ಟಿಗೆ ತರುವುದು ಹೇಗೆ? ತಾರಸಿ ತೋಟದ ಒಂದು ಕನ್ನಡ ಚಾನೆಲ್ ಇದೆ ಅಂದುಕೊಂಡು ನೋಡೋಣ.

ಮೊದಲು, ಕೊಡಲು ಏನಾದರೂ ಇರಬೇಕು. 'ನನ್ನ ಮೇಲ್ ಪಟ್ಟಿಗೆ ಸೇರಿ' ಅಂದರೆ ಯಾರೂ ಸೇರುವುದಿಲ್ಲ. ಬದಲಿಗೆ ಒಂದೇ ಪುಟದ ಪಿಡಿಎಫ್ ಮಾಡಿ: ಯಾವ ತಿಂಗಳಲ್ಲಿ ಯಾವ ತರಕಾರಿ ಬೀಜ ಹಾಕಬೇಕು, ಕರಾವಳಿಗೆ ಬೇರೆ, ಬಯಲುಸೀಮೆಗೆ ಬೇರೆ. ಇದನ್ನು ವಿಡಿಯೊದ ಕೊನೆಯಲ್ಲಿ ಹೇಳಬೇಡಿ, ಅಷ್ಟೊತ್ತಿಗೆ ಅರ್ಧ ಜನ ಎದ್ದು ಹೋಗಿರುತ್ತಾರೆ. ಟೊಮೆಟೊ ಬೀಜ ಕೈಯಲ್ಲಿ ಹಿಡಿದು ಕುಂಡಕ್ಕೆ ಹಾಕುವಾಗಲೇ ಹೇಳಿ: "ನಿಮ್ಮ ಕಡೆ ಯಾವ ತಿಂಗಳು ಅನ್ನೋ ಪಟ್ಟಿ ಬೇಕಾ? ಲಿಂಕ್ ಮೊದಲ ಕಾಮೆಂಟ್‌ನಲ್ಲಿದೆ." ಆ ಕಾಮೆಂಟನ್ನು ಪಿನ್ ಮಾಡಿ. ಬೇರೆಯವರ ಫೋನಿನಲ್ಲಿ ತೆರೆದು, ಲಿಂಕ್ ಒತ್ತಿದರೆ ಹೋಗುತ್ತದಾ ನೋಡಿ. ಶಾರ್ಟ್ಸ್‌ನಲ್ಲಿ ಈ ದಾರಿ ನಡೆಯುವುದಿಲ್ಲ. 2023ರ ಆಗಸ್ಟ್ ಕೊನೆಯಿಂದ ಅಲ್ಲಿನ ಕಾಮೆಂಟ್, ವಿವರಣೆಗಳಲ್ಲಿ ಲಿಂಕ್ ಒತ್ತಲು ಬರುವುದಿಲ್ಲ. ಶಾರ್ಟ್ಸ್‌ಗೆ ನಿಮ್ಮ ಉದ್ದ ವಿಡಿಯೊವನ್ನು ಜೋಡಿಸಿ, ಜನ ಅಲ್ಲಿಂದ ಬರಲಿ.

ಲಿಂಕ್ ತೆರೆಯುವುದು ಗೂಗಲ್ ಫಾರ್ಮ್‌ಗೆ. ಹೆಸರು, ಇಮೇಲ್, ತಾಲ್ಲೂಕು ಇಷ್ಟು ಸಾಕು. ಜೊತೆಗೆ 'ತಿಂಗಳಿಗೊಮ್ಮೆ ಮೇಲ್ ಕಳಿಸಬಹುದು' ಎಂಬ ಒಂದು ಟಿಕ್. ಪ್ರಶ್ನೆ ಜಾಸ್ತಿಯಾದಷ್ಟೂ ಮಧ್ಯದಲ್ಲೇ ಬಿಟ್ಟು ಹೋಗುವವರು ಜಾಸ್ತಿ. ಇಮೇಲನ್ನು ಜನ ಟೈಪ್ ಮಾಡಿದರೆ gmial.com, gmail.con ಬಂದೇ ಬರುತ್ತವೆ. ಮೇಲ್ ಕಳಿಸುವ ಮುಂಚೆ, ಫಾರ್ಮ್‌ನ ಉತ್ತರಗಳು ಸೇರುವ ಗೂಗಲ್ ಶೀಟ್‌ನಲ್ಲಿ ಇವನ್ನು ಹುಡುಕಿ ಸರಿಮಾಡಿ.

ನಮ್ಮಲ್ಲಿ ಎಷ್ಟೋ ಜನ ದಿನವೂ ಮೇಲ್ ನೋಡುವುದಿಲ್ಲ, ವಾಟ್ಸ್‌ಆ್ಯಪ್ ನೋಡುತ್ತಾರೆ. ಅದಕ್ಕೇ ಫಾರ್ಮ್ ಮುಗಿದ ಮೇಲೆ ಕಾಣುವ ಸಂದೇಶದಲ್ಲಿ ಪಿಡಿಎಫ್ ಲಿಂಕ್‌ನ ಕೆಳಗೆ ವಾಟ್ಸ್‌ಆ್ಯಪ್ ಲಿಂಕೂ ಹಾಕಿ. ಇಲ್ಲಿ ನಾನೊಮ್ಮೆ ಕೆಟ್ಟಿದ್ದೇನೆ. ಮಾಮೂಲಿ ಗ್ರೂಪ್ ಮಾಡಿದ್ದೆ. ಅದರಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ. ಯಾರೋ ಸದ್ದಿಲ್ಲದೆ ಸೇರಿ, ಒಬ್ಬೊಬ್ಬರಿಗೂ ಸಾಲದ ಜಾಹೀರಾತು ಕಳಿಸಿದರು. ಬೈಸಿಕೊಂಡದ್ದು ನಾನು! ಈಗ ಕಮ್ಯುನಿಟಿ ಮಾಡಿ ಅದರ ಪ್ರಕಟಣೆ ಗ್ರೂಪ್ ಮಾತ್ರ ಬಳಸುತ್ತೇನೆ. ಅಲ್ಲಿ ಸದಸ್ಯರಿಗೆ ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ, ಸಂದೇಶ ಹಾಕುವುದೂ ಅಡ್ಮಿನ್ ಮಾತ್ರ. ಬ್ರಾಡ್‌ಕಾಸ್ಟ್ ಪಟ್ಟಿ ಈ ಕೆಲಸಕ್ಕೆ ಬಾರದು: ಒಂದರಲ್ಲಿ 256 ಜನ, ಅದೂ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ವಾಟ್ಸ್‌ಆ್ಯಪ್ ಚಾನೆಲ್‌ಗೆ ಎಷ್ಟು ಜನ ಬೇಕಾದರೂ ಬರಬಹುದು. ಆದರೆ ಅವರ ನಂಬರ್ ನಿಮಗೆ ಸಿಗುವುದಿಲ್ಲ. ಮತ್ತೆ ಯೂಟ್ಯೂಬ್ ಕಥೆಯೇ ಅಲ್ವಾ? ಗಟ್ಟಿ ಪಟ್ಟಿ ಅಂದರೆ ಇಮೇಲ್ ಶೀಟ್. ವಾಟ್ಸ್‌ಆ್ಯಪ್ ಬರೀ ಕರೆಗಂಟೆ.

ಇನ್ನು ಕಳಿಸುವುದು. ಸಾಮಾನ್ಯ ಜಿಮೇಲ್‌ನಿಂದ ದಿನಕ್ಕೆ 500 ಜನಕ್ಕೆ ಮಾತ್ರ ಕಳಿಸಬಹುದು. ನೂರಿನ್ನೂರು ಜನ ಇರುವಾಗ ಅದೇ ಸಾಕು, ವಿಳಾಸಗಳನ್ನು ಮಾತ್ರ ಬಿಸಿಸಿ ಜಾಗದಲ್ಲಿ ಹಾಕಿ. ಅದಕ್ಕಿಂತ ಹೆಚ್ಚಾದರೆ ಬ್ರೆವೊ, ಮೇಲರ್‌ಲೈಟ್‌ನಂಥ ಸೇವೆ ಬೇಕು. ಅಲ್ಲಿ ಕಳಿಸುವವರ ಜಾಗದಲ್ಲಿ @gmail.com ವಿಳಾಸ ಹಾಕಿದರೆ ಮೇಲ್‌ಗಳು ಸ್ಪ್ಯಾಮ್‌ಗೆ ಬೀಳುವ ಸಂಭವ ಹೆಚ್ಚು. ಸ್ವಂತ ಡೊಮೇನ್ ಕೊಂಡು, ಆ ಸೇವೆಯವರು ಕೊಡುವ SPF, DKIM, DMARC ಸಾಲುಗಳನ್ನು ಡೊಮೇನ್‌ನ ಡಿಎನ್‌ಎಸ್ ಸೆಟ್ಟಿಂಗ್‌ನಲ್ಲಿ ಅಂಟಿಸಿ. ಮೇಲ್ ನಿಜವಾಗಿಯೂ ನಿಮ್ಮಿಂದಲೇ ಬಂತು ಅನ್ನುವುದಕ್ಕೆ ಇವೇ ಗುರುತು.

ಜನ ಪಟ್ಟಿಗೆ ಸೇರಿದ ದಿನವೇ ಅವರಿಗೆ ಮೊದಲ ಮೇಲ್ ಹೋಗಲಿ. ಮೂರು ತಿಂಗಳು ಬಿಟ್ಟು ಕಳಿಸಿದರೆ 'ಇವರ್ಯಾರು?' ಅಂತ ಸ್ಪ್ಯಾಮ್ ಗುಂಡಿ ಒತ್ತುತ್ತಾರೆ. ಆ ಮೊದಲ ಮೇಲ್‌ನಲ್ಲಿ ಒಂದು ಪ್ರಶ್ನೆ ಕೇಳಿ: 'ನಿಮ್ಮ ತಾರಸಿಯಲ್ಲಿ ಈಗ ಏನು ಬೆಳೆದಿದೆ?' ಉತ್ತರ ಬರೆದವರ ಜೊತೆಗಿನ ಮಾತುಕತೆಯನ್ನು ಜಿಮೇಲ್ ಸ್ಪ್ಯಾಮ್‌ಗೆ ತಳ್ಳುವುದು ಕಡಿಮೆ. ಬೇಡ ಅಂದವರನ್ನು ಅವತ್ತೇ ತೆಗೆಯಿರಿ.

ತಿಂಗಳ ಕೊನೆಗೆ ಪಟ್ಟಿಯನ್ನು .csv ಆಗಿ ಇಳಿಸಿ ಕಂಪ್ಯೂಟರ್‌ನಲ್ಲೊಂದು, ಪೆನ್‌ಡ್ರೈವ್‌ನಲ್ಲೊಂದು ಪ್ರತಿ ಇಡಿ. ಫಾರ್ಮ್ ಇರುವುದೂ ಯೂಟ್ಯೂಬ್ ಚಾನೆಲ್ ಇರುವುದೂ ಒಂದೇ ಗೂಗಲ್ ಖಾತೆಯಲ್ಲಾದರೆ, ಆ ಖಾತೆಗೆ ಬೀಗ ಬಿದ್ದ ದಿನ ಎರಡೂ ಒಟ್ಟಿಗೇ ಹೋಗುತ್ತವೆ.