ಬರ್ನೂಲಿ ಸಮೀಕರಣ ಕನ್ನಡದಲ್ಲಿ: ಹೆಡ್ ಬೇರೆ, ಒತ್ತಡ ಬೇರೆ

ಕೊಪ್ಪಳ ಭಾಗದ ಡಿಪ್ಲೊಮಾ ವಿದ್ಯಾರ್ಥಿಗಳಿಗೆ, ಹರಿಯುವ ದ್ರವದ ಒತ್ತಡ, ವೇಗ, ಮಟ್ಟಗಳ ಸಂಬಂಧ ಹೇಳುವ ಬರ್ನೂಲಿ ತತ್ವದ ಪಾಠವನ್ನು ಕನ್ನಡಕ್ಕೆ ತರುವಾಗ ನಾನು ಮೊದಲು ತೀರ್ಮಾನಿಸಿದ್ದು ‘ಹೆಡ್’ ಪದವನ್ನು ಹಾಗೇ ಉಳಿಸಬೇಕೆಂದು. ‘ಎತ್ತರ’ ಎಂದು ಬರೆದರೆ ‘ವೇಗದ ಎತ್ತರ’ ಎಂಬ ಮಾತು ಹುಟ್ಟುತ್ತದೆ, ಓದಿದವರು ಅದನ್ನು ಪೈಪ್ ಇರುವ ಎತ್ತರವೆಂದು ತಿಳಿದು ಸೂತ್ರದಲ್ಲಿ ಮಟ್ಟ ಸೂಚಿಸುವ z ಜಾಗಕ್ಕೆ ಹಾಕಿಬಿಡುತ್ತಾರೆ. ಪಂಪ್‌ಸೆಟ್ ಅಂಗಡಿಯಲ್ಲೂ ‘ಹೆಡ್ ಎಷ್ಟು ಮೀಟರ್?’ ಎಂದೇ ಕೇಳುವುದರಿಂದ ಪದ ಯಾರಿಗೂ ಹೊಸದಲ್ಲ.

ಸೂತ್ರಕ್ಕೂ ಮೊದಲು ಒಂದು ವಾಕ್ಯ ಇಟ್ಟೆ: ಹೆಡ್ ಎಂದರೆ ಒಂದು ನ್ಯೂಟನ್ ತೂಕದ ದ್ರವದಲ್ಲಿರುವ ಶಕ್ತಿ. ಜೂಲ್ ಅನ್ನು ನ್ಯೂಟನ್‌ನಿಂದ ಭಾಗಿಸಿದರೆ ಮೀಟರ್ ಉಳಿಯುತ್ತದೆ, ಅಷ್ಟೇ. ಆಮೇಲೆ ಸೂತ್ರದಲ್ಲಿ ಕೂಡಿಸುವ ಮೂರು ಭಾಗಗಳಿಗೂ ಕ್ರಮವಾಗಿ ಪೂರ್ಣ ಹೆಸರು: ಒತ್ತಡದ ಹೆಡ್, ವೇಗದ ಹೆಡ್, ಮಟ್ಟದ ಹೆಡ್. ಇಲ್ಲಿ p ಒತ್ತಡ, ρ ದ್ರವದ ಸಾಂದ್ರತೆ, g ಗುರುತ್ವ ವೇಗೋತ್ಕರ್ಷ, v ವೇಗ, z ಮಟ್ಟ, H ಒಟ್ಟು ಹೆಡ್.

```
p/(ρg) + v²/(2g) + z = H
```

ಬರೀ ‘ಒತ್ತಡ’ ಎಂದು ಬರೆದ ಕಡೆ ಪಾಸ್ಕಲ್, ‘ಒತ್ತಡದ ಹೆಡ್’ ಎಂದ ಕಡೆ ಮೀಟರ್. ಇದನ್ನು ಒಂದು ಸಾಲಿನಲ್ಲೂ ಸಡಿಲಿಸಬಾರದು. 98.1 ಕಿಲೋಪಾಸ್ಕಲ್ ಒತ್ತಡ ನೀರಿಗಾದರೆ 10 ಮೀಟರ್ ಹೆಡ್. ಘನಮೀಟರಿಗೆ 830 ಕಿಲೋ ತೂಗುವ ಡೀಸೆಲ್‌ಗಾದರೆ ಸುಮಾರು 12 ಮೀಟರ್. ಒತ್ತಡ ಅದೇ, ಹೆಡ್ ಬೇರೆ.

ಲೆಕ್ಕಕ್ಕೆ ಮಟ್ಟಸವಾಗಿ ಮಲಗಿಸಿದ ಪೈಪ್ ತೆಗೆದುಕೊಂಡೆ: ವ್ಯಾಸ 200 ಮಿ.ಮೀ.ನಿಂದ 100ಕ್ಕೆ ಇಳಿಯುತ್ತದೆ, ಹರಿವು ಸೆಕೆಂಡಿಗೆ 31.4 ಲೀಟರ್ ನೀರು. ವ್ಯಾಸ ಅರ್ಧವಾದರೆ ಅಡ್ಡಕೊಯ್ತದ ವಿಸ್ತೀರ್ಣ ಕಾಲು ಭಾಗವಾಗುವುದರಿಂದ ವೇಗ ಸೆಕೆಂಡಿಗೆ 1 ಮೀಟರ್ ಇದ್ದದ್ದು 4 ಆಗುತ್ತದೆ. ವೇಗದ ಹೆಡ್ ಮಾತ್ರ 0.051ರಿಂದ 0.815 ಮೀಟರಿಗೆ, ಅಂದರೆ ಹದಿನಾರು ಪಟ್ಟು ಏರುತ್ತದೆ. ವೇಗವನ್ನೂ ವೇಗದ ಹೆಡ್ಡನ್ನೂ ಒಂದೇ ಎಂದುಕೊಂಡವರು ಎಡವುವುದು ಇಲ್ಲೇ. ಮಟ್ಟ ಬದಲಾಗದ ಕಾರಣ ಆ 0.764 ಮೀಟರ್ ಒತ್ತಡದ ಹೆಡ್‌ನಿಂದಲೇ ಬರಬೇಕು. ದೊಡ್ಡ ಭಾಗದಲ್ಲಿ 98.1 ಇದ್ದ ಒತ್ತಡ ಸಣ್ಣ ಭಾಗದಲ್ಲಿ 90.6 ಕಿಲೋಪಾಸ್ಕಲ್.

‘ವೇಗ ಹೆಚ್ಚಿದರೆ ಒತ್ತಡ ಕಡಿಮೆ’ ಎಂಬ ಬಾಯಿಪಾಠದ ಸಾಲನ್ನು ನಾನು ಬಿಟ್ಟೆ. ಅದನ್ನು ಓದಿದವರು ಸಂಬಂಧವೇ ಇಲ್ಲದ ಎರಡು ಪೈಪುಗಳನ್ನೂ ಹೋಲಿಸುತ್ತಾರೆ. ಬದಲಿಗೆ ಕಾರಣವನ್ನು ಮುಂದಿಟ್ಟೆ: ‘ಸಣ್ಣ ಭಾಗಕ್ಕೆ ನುಗ್ಗುವ ನೀರಿನ ವೇಗ ಏರಬೇಕಾದರೆ ಅದರ ಹಿಂದಿನ ಒತ್ತಡ ಮುಂದಿನದಕ್ಕಿಂತ ಹೆಚ್ಚಿರಲೇಬೇಕು.’ ಪೈಪ್ ಕಿರಿದಾದರೆ ನೀರು ಹಿಂಡಿಕೊಂಡು ಒತ್ತಡ ಏರಬೇಕಲ್ಲ ಎಂಬ ಸಹಜ ಅನುಮಾನಕ್ಕೂ ಇದೇ ಉತ್ತರ.

‘ಒಂದೇ ಹರಿವಿನ ಗೆರೆಯ ಮೇಲೆ, ಏರಿಳಿತವಿಲ್ಲದ ಹರಿವಿಗೆ, ಘರ್ಷಣೆಯ ನಷ್ಟ ಬಿಟ್ಟು’ ಎಂಬ ಷರತ್ತನ್ನು ಅಡಿಟಿಪ್ಪಣಿಗೆ ತಳ್ಳದೆ ಸೂತ್ರದ ಪಕ್ಕದಲ್ಲೇ ಇಟ್ಟೆ. ಪ್ರಯೋಗಾಲಯದಲ್ಲಿ ಸಣ್ಣ ಭಾಗದ ಗೇಜ್ 90.6ರ ಬದಲು 88 ತೋರಿಸಿದರೆ ಸೂತ್ರ ಸುಳ್ಳಾಯಿತೆಂದಲ್ಲ. ಗೇಜ್ ಸರಿಯಿದ್ದರೆ, ಕೊರತೆಯಾದ 2.6 ಕಿಲೋಪಾಸ್ಕಲ್ ಅಂದರೆ ಸುಮಾರು 0.27 ಮೀಟರ್ ‘ಹೆಡ್ ನಷ್ಟ’. ದೊಡ್ಡ ಭಾಗದ ಹೆಡ್‌ಗಳನ್ನು ಎಡಬದಿಗೂ ಸಣ್ಣ ಭಾಗದವನ್ನು ಬಲಬದಿಗೂ ಬರೆದಾಗ, ಅದನ್ನು ಬಲಬದಿಗೆ, ಸಣ್ಣ ಭಾಗದ ಹೆಡ್‌ಗಳ ಜೊತೆ ಕೂಡಿಸಬೇಕು.