ಸಿಗ್ನಲ್ ಗ್ರೂಪಿಗೆ ದುಡ್ಡು ಕಟ್ಟುವ ಮುನ್ನ ಅದರ ಕಾಲ್‌ಗಳ ಲೆಕ್ಕ ತೆಗೆಯುವುದು ಹೇಗೆ?

‘ಹತ್ತರಲ್ಲಿ ಏಳು ಕಾಲ್ ಟಾರ್ಗೆಟ್ ಮುಟ್ಟಿವೆ’ ಎಂದು ಟ್ರೇಡಿಂಗ್ ಸಿಗ್ನಲ್ ಗ್ರೂಪಿನ ಅಡ್ಮಿನ್ ಹಾಕುವ ಸಂದೇಶ ಕೆಲವೊಮ್ಮೆ ನಿಜವೇ ಇರುತ್ತದೆ. ಆದರೂ ಯಾವುದನ್ನು ಎಷ್ಟಕ್ಕೆ ಕೊಂಡು ಎಷ್ಟಕ್ಕೆ ಮಾರಬೇಕೆಂದು ಹೇಳುವ ಅದೇ ಹತ್ತು ಕಾಲ್‌ಗಳನ್ನು ಚಾಚೂ ತಪ್ಪದೆ ಪಾಲಿಸಿದವರ ಕೈಯಿಂದ ಹಣ ಹೋಗಿರಬಹುದು. ಇದು ಹೇಗೆಂದು ತಿಳಿಯಲು ಹಣ ಹಾಕಬೇಕಿಲ್ಲ, ಒಂದು ನೋಟ್‌ಬುಕ್ ಸಾಕು.

ಮೊದಲು, ಕಾಲ್ ಬಂದಾಗಲೆಲ್ಲ ಸ್ಕ್ರೀನ್‌ಶಾಟ್ ತೆಗೆದಿಡಿ. ಕೈಕೊಟ್ಟ ಕಾಲ್‌ಗಳನ್ನು ಆಮೇಲೆ ಅಳಿಸುವುದು, ತಿದ್ದುವುದು ಇಂಥ ಗ್ರೂಪುಗಳಲ್ಲಿ ಸಾಮಾನ್ಯ.

ಎರಡನೆಯದು ಬೆಲೆ ಬರೆದುಕೊಳ್ಳುವುದು. ಹೆಚ್ಚಿನವರು ಎಡವುವುದು ಇಲ್ಲೇ. ಅಡ್ಮಿನ್ ಹೇಳಿದ ಬೆಲೆಯನ್ನೇ ಅವರು ನಕಲು ಮಾಡಿಕೊಳ್ಳುತ್ತಾರೆ. ನೀವು ಬರೆಯಬೇಕಾದದ್ದು, ಸಂದೇಶ ಓದಿ ಟ್ರೇಡಿಂಗ್ ಆ್ಯಪ್ ತೆರೆದ ಹೊತ್ತಿಗೆ ಮಾರುವವರು ಕೇಳುತ್ತಿರುವ ಬೆಲೆ. ಕೊನೆಯ ವಹಿವಾಟಿನ ಬೆಲೆಯೂ ಅಲ್ಲ, ಮಾರುವವರು ಕೇಳುವ ಬೆಲೆಯೇ ಬೇಕು.

ಒಂದು ಉದಾಹರಣೆ ನೋಡಿ. ‘100ಕ್ಕೆ ಕೊಳ್ಳಿ, ಟಾರ್ಗೆಟ್ 102, ಸ್ಟಾಪ್ ಲಾಸ್ 97’ ಎಂಬ ಕಾಲ್ ಬರುತ್ತದೆ. ಅಂದರೆ ಬೆಲೆ 102ಕ್ಕೆ ಏರಿದರೆ ಲಾಭಕ್ಕೆ ಮಾರಿ, 97ಕ್ಕೆ ಇಳಿದರೆ ನಷ್ಟವನ್ನು ಅಲ್ಲಿಗೇ ನಿಲ್ಲಿಸಲು ಮಾರಿ ಎಂದರ್ಥ. ಗ್ರೂಪಿನ ಸಾವಿರಾರು ಜನ ಒಟ್ಟಿಗೆ ಕೊಳ್ಳಲು ಮುಗಿಬಿದ್ದಾಗ ಬೆಲೆ ಜಿಗಿಯುತ್ತದೆ, ನಿಮಗೆ ಸಿಗುವುದು 100.7ಕ್ಕೆ. ಕೊಳ್ಳುವ ಮತ್ತು ಮಾರುವ ಶುಲ್ಕ ಸೇರಿ 0.2 ಎಂದಿಟ್ಟುಕೊಳ್ಳಿ. ಟಾರ್ಗೆಟ್ ಮುಟ್ಟಿದರೆ ನಿಮಗೆ ಉಳಿಯುವುದು 1.1, ಸ್ಟಾಪ್ ಲಾಸ್ ತಗುಲಿದರೆ ಹೋಗುವುದು 3.9.

ಈಗ ಹತ್ತು ಕಾಲ್‌ಗಳಲ್ಲಿ ಏಳು ಗೆದ್ದು ಮೂರು ಸೋತವು ಎನ್ನೋಣ. ಅಡ್ಮಿನ್ ಲೆಕ್ಕದಲ್ಲಿ ಲಾಭ 14, ನಷ್ಟ 9, ಉಳಿಕೆ 5. ನಿಮ್ಮ ಲೆಕ್ಕದಲ್ಲಿ ಲಾಭ 7.7, ನಷ್ಟ 11.7. ಅಂದರೆ 4 ಕೈಬಿಟ್ಟಿತು. ಅಡ್ಮಿನ್ ಲೆಕ್ಕಕ್ಕೆ ನೂರರಲ್ಲಿ 60 ಕಾಲ್ ಗೆದ್ದರೆ ಅಸಲು ಉಳಿಯುತ್ತದೆ, ನಿಮಗೆ 78 ಗೆಲ್ಲಬೇಕು. ಸಣ್ಣ ಟಾರ್ಗೆಟ್, ದೂರದ ಸ್ಟಾಪ್ ಲಾಸ್ ಇಟ್ಟರೆ ಗೆಲುವಿನ ಸಂಖ್ಯೆ ತಾನಾಗಿಯೇ ದೊಡ್ಡದಾಗಿ ಕಾಣುತ್ತದೆ. ಆದ್ದರಿಂದ ಎಷ್ಟು ಗೆದ್ದವು ಎಂದು ಕೇಳಬೇಡಿ, ಒಂದು ಸೋಲು ಎಷ್ಟು ಗೆಲುವುಗಳನ್ನು ನುಂಗುತ್ತದೆ ಎಂದು ಕೇಳಿ.

ಡೆಮೊ ಖಾತೆಯಲ್ಲಿ ಪರೀಕ್ಷಿಸಿದರೆ ಸುಲಭವಲ್ಲವೇ? ಬೇಡ. ಬಹಳಷ್ಟು ಡೆಮೊಗಳಲ್ಲಿ ಕೇಳಿದ ಬೆಲೆಗೆ ಕೇಳಿದಷ್ಟೂ ತಕ್ಷಣ ಸಿಗುತ್ತದೆ, ನಿಜವಾದ ಮಾರುಕಟ್ಟೆಯಲ್ಲಿ ಹಾಗಾಗುವುದಿಲ್ಲ. ಕಾಲ್‌ಗಳನ್ನು ತಾನೇ ನಕಲಿಸುವ ‘ಆಟೊ ಕಾಪಿ’ ಸಾಫ್ಟ್‌ವೇರ್ ಕೂಡ ಕೊಳ್ಳಬೇಡಿ. ಉಳಿದ ಸದಸ್ಯರೂ ಅದನ್ನೇ ಬಳಸುವುದರಿಂದ ಬೆಲೆಯ ಜಿಗಿತ ಹಾಗೇ ಇರುತ್ತದೆ. ಖಾತೆಯ ಪಾಸ್‌ವರ್ಡ್ ಕೇಳುವವರಿಗಂತೂ ಉತ್ತರವನ್ನೇ ಕೊಡಬೇಡಿ.

ಮೂರನೆಯದು, ಮುಗಿಯದ ಕಾಲ್‌ಗಳು. ಬೆಲೆ 97ಕ್ಕೆ ಇಳಿದಾಗ ‘ಸ್ಟಾಪ್ ಲಾಸ್ ತೆಗೆಯಿರಿ, ವಾಪಸ್ ಬರುತ್ತದೆ’ ಎಂಬ ಸಂದೇಶ ಬರುತ್ತದೆ. ಆ ಕಾಲ್ ಇನ್ನೂ ಮುಗಿದಿಲ್ಲ ಎಂಬ ನೆಪದಲ್ಲಿ ಸೋಲಿನ ಪಟ್ಟಿಗೆ ಸೇರುವುದೇ ಇಲ್ಲ. ನಿಮ್ಮ ನೋಟ್‌ಬುಕ್ಕಿನಲ್ಲಿ ಮಾತ್ರ ಅದನ್ನು ಸೋಲೆಂದೇ ಬರೆಯಿರಿ. ಕನಿಷ್ಠ 50 ಕಾಲ್ ಆಗುವವರೆಗೆ ಯಾವ ತೀರ್ಮಾನಕ್ಕೂ ಬರಬೇಡಿ.

ಖಾತೆ ಬರಿದಾಗುವುದು ಮಾತ್ರ ಸಾಮಾನ್ಯವಾಗಿ ಇಂಥ ಸಣ್ಣ ಸೋಲುಗಳಿಂದಲ್ಲ, ಸಾಲದ ಬಲದಿಂದ. ಬಂಡವಾಳದ ಹತ್ತು ಪಟ್ಟು ಮೊತ್ತಕ್ಕೆ ಮೇಲಿನ ಕಾಲ್ ಹಿಡಿದಿದ್ದರೆ, ಒಂದೇ ಸ್ಟಾಪ್ ಲಾಸ್‌ಗೆ ಬಂಡವಾಳದ ಶೇ 39ರಷ್ಟು ಹೋಗುತ್ತದೆ. ಉಳಿದ 61ರಿಂದ ಮತ್ತೆ 100 ಮುಟ್ಟಲು ಶೇ 64ರಷ್ಟು ಗಳಿಸಬೇಕು. ‘ರಿಕವರಿ ಕಾಲ್’ ಬರುವುದು ಈ ಹೊತ್ತಿನಲ್ಲೇ, ಅದಕ್ಕೆ ದುಪ್ಪಟ್ಟು ಹಾಕಿಸುತ್ತಾರೆ. ಸ್ಟಾಪ್ ಲಾಸ್ ತೆಗೆದಿದ್ದರೆ ಬೆಲೆ ಶೇ 10ರಷ್ಟು ಕುಸಿಯುವುದರೊಳಗೆ ಬಂಡವಾಳವೇ ಮುಗಿದಿರುತ್ತದೆ.

ಇದನ್ನು ಉಪ ಆದಾಯ ಎನ್ನಲಾಗದು. ಹೆಚ್ಚುವರಿ ಕೆಲಸದಲ್ಲಿ ದುಡಿದ ಗಂಟೆಗೆ ಹಣ ಬರುತ್ತದೆ, ಇಲ್ಲಿ ಇರುವ ಹಣವೇ ಪಣ. ತಿಂಗಳ ಚಂದಾ ನಿಮ್ಮ ಬಂಡವಾಳದ ಶೇ 5 ಆಗಿದ್ದರೆ, ಪ್ರತಿ ತಿಂಗಳೂ ಮೊದಲ ಶೇ 5 ಗಳಿಕೆ ಅಡ್ಮಿನ್‌ಗೇ ಹೋಗುತ್ತದೆ. ಖಚಿತ ಆದಾಯ ಇರುವುದು ಅವರಿಗೇ. ಅವರು ಕೊಟ್ಟ ಲಿಂಕ್‌ನಿಂದ ಖಾತೆ ತೆರೆದರೆ ನಿಮ್ಮ ವಹಿವಾಟಿನ ಶುಲ್ಕದಲ್ಲೂ ಅವರಿಗೆ ಪಾಲು ಸಿಗಬಹುದು. ಹಾಗಿದ್ದರೆ ನೀವು ಗೆದ್ದರೂ ಸೋತರೂ ಅವರಿಗೆ ಬೇಕಾದದ್ದು ಹೆಚ್ಚು ಕಾಲ್. ದಿನಕ್ಕೆ ಶೇ 1 ಲಾಭ ಎಂಬ ಭರವಸೆಯನ್ನೂ ಒಮ್ಮೆ ಲೆಕ್ಕ ಹಾಕಿ: ಲಾಭವನ್ನು ಮತ್ತೆ ಹೂಡುತ್ತ ಹೋದರೆ 250 ವಹಿವಾಟಿನ ದಿನಗಳಲ್ಲಿ ಹಣ 12 ಪಟ್ಟಾಗಬೇಕು. ಅಂಥ ವಿದ್ಯೆ ಗೊತ್ತಿರುವವರಿಗೆ ನಿಮ್ಮ ಚಂದಾ ಏಕೆ ಬೇಕು?

ಈಗಾಗಲೇ ಹಣ ಹಾಕಿದ್ದರೆ ಇಂದೇ ಪೂರ್ತಿ ಮೊತ್ತವನ್ನು ಬ್ಯಾಂಕಿಗೆ ಹಿಂಪಡೆಯಲು ಕೋರಿಕೆ ಸಲ್ಲಿಸಿ. ಸಣ್ಣ ಮೊತ್ತ ಬಂತೆಂದು ಸಮಾಧಾನ ಪಡಬೇಡಿ, ನಂಬಿಕೆ ಹುಟ್ಟಿಸಲು ಅದನ್ನು ಕೊಡುತ್ತಾರೆ. ‘ಹಣ ಬಿಡುಗಡೆಗೆ ಮೊದಲು ತೆರಿಗೆ ಕಟ್ಟಿ’, ‘ಖಾತೆ ತೆರವಿಗೆ ಠೇವಣಿ ಇಡಿ’ ಎಂದರೆ ಅದು ವಂಚನೆ. ಪರದೆಯ ಮೇಲೆ ಎಷ್ಟೇ ಲಾಭ ಕಾಣುತ್ತಿದ್ದರೂ ಇನ್ನೊಂದು ಪೈಸೆ ಕಟ್ಟಬೇಡಿ. ಹಣ ಕಳಿಸಿದ ದಾಖಲೆ ಮತ್ತು ಆ ಸ್ಕ್ರೀನ್‌ಶಾಟ್‌ಗಳೊಂದಿಗೆ ಅಂದೇ ಬ್ಯಾಂಕಿಗೂ ಪೊಲೀಸರಿಗೂ ದೂರು ಕೊಡಿ.