ಇಬ್ಬರ ಅಡುಗೆಮನೆಗೆ ಮೊದಲ ತಿಂಗಳ ದಿನಸಿ

ನನ್ನ ತಂಗಿಯ ಮಗಳು ಮದುವೆಯಾಗಿ ಮೈಸೂರಿನಲ್ಲಿ ಬಾಡಿಗೆ ಮನೆ ಹಿಡಿದಾಗ, ತವರುಮನೆಯ ದಿನಸಿ ಪಟ್ಟಿಯನ್ನು ಬರೆದುಕೊಂಡು, ಎಲ್ಲವನ್ನೂ ಅರ್ಧ ಮಾಡಿ ಅಂಗಡಿಗೆ ಕೊಟ್ಟಿದ್ದಳು. ಆ ಪಟ್ಟಿ ಆರು ಮಂದಿಯ ಮನೆಯದು. ಅಲ್ಲಿ ದಿನವೂ ಮೂರು ಹೊತ್ತು ಒಲೆ ಉರಿಯುತ್ತದೆ, ವಾರಕ್ಕೊಮ್ಮೆಯಾದರೂ ನೆಂಟರು ಬರುತ್ತಾರೆ. ನಾಲ್ಕು ತಿಂಗಳ ಮೇಲೆ, ಆಷಾಢದ ಮಳೆಯ ದಿನಗಳಲ್ಲಿ, ನಾನು ಅವಳ ಮನೆಗೆ ಹೋದಾಗ ರವೆಯ ಡಬ್ಬಿಯ ಮುಚ್ಚಳದ ಒಳಗೆ ಬಿಳಿ ಎಳೆ ಕಟ್ಟಿತ್ತು, ಕಡಲೆಹಿಟ್ಟು ಕಹಿಯಾಗಿತ್ತು, ಒಂದು ಕಿಲೋ ಸಾರಿನ ಪುಡಿಯಲ್ಲಿ ಬಣ್ಣ ಮಾತ್ರ ಉಳಿದು ಘಮ ಹೋಗಿತ್ತು. ತೊಗರಿಬೇಳೆಯದು ಬೇರೆಯೇ ಕಥೆ. ಅದು ಪ್ರತಿ ತಿಂಗಳೂ 20ನೇ ತಾರೀಕಿಗೇ ಮುಗಿದು, ಬೀದಿಯ ತುದಿಯ ಅಂಗಡಿಯಿಂದ ಕಾಲು ಕಿಲೋದ ಪೊಟ್ಟಣಗಳು ದುಬಾರಿ ಬೆಲೆಗೆ ಬರುತ್ತಿದ್ದವು. "ದೊಡ್ಡಮ್ಮ, ದುಡ್ಡು ಎಲ್ಲಿ ಹೋಗ್ತಿದೆ ಅಂತಲೇ ಗೊತ್ತಾಗ್ತಿಲ್ಲ" ಎಂದಳು. ಅಂದು ಸಂಜೆ ನಾವಿಬ್ಬರೂ ಕುಳಿತು ಮಾಡಿದ ಲೆಕ್ಕವನ್ನೇ, ಹೊಸದಾಗಿ ಅಡುಗೆಮನೆ ಹೂಡುವವರಿಗೆ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತಿದ್ದೇನೆ.

ಪಟ್ಟಿಯನ್ನು ಅಂಗಡಿಯ ಸಾಮಾನಿನಿಂದ ಆರಂಭಿಸಬಾರದು, ನಿಮ್ಮ ವಾರದ ಅಡುಗೆಯಿಂದ ಆರಂಭಿಸಬೇಕು. ಒಂದು ಹಾಳೆಯಲ್ಲಿ ಸೋಮವಾರದಿಂದ ಭಾನುವಾರದವರೆಗೆ ಬೆಳಗಿನ ತಿಂಡಿ, ಡಬ್ಬಿಗೆ ಕಟ್ಟುವ ಊಟ ಮತ್ತು ರಾತ್ರಿಯ ಊಟವನ್ನು, ನಿಮಗೆ ನಿಜವಾಗಿ ಮಾಡಲು ಬರುವ ಅಡುಗೆಗಳಲ್ಲೇ ಬರೆಯಿರಿ. ಅವಳ ಹಾಳೆಯಲ್ಲಿ ಎರಡು ದಿನ ಉಪ್ಪಿಟ್ಟು, ಒಂದು ದಿನ ಅವಲಕ್ಕಿ, ಒಂದು ದಿನ ಚಿತ್ರಾನ್ನ, ಒಂದು ದಿನ ರಾಗಿ ರೊಟ್ಟಿ, ಶನಿವಾರ ಭಾನುವಾರ ದೋಸೆ ಎಂದು ಬಂತು. ಮಧ್ಯಾಹ್ನಕ್ಕೆ ಇಬ್ಬರ ಡಬ್ಬಿಗೂ ಅನ್ನ ಮತ್ತು ಸಾರು ಅಥವಾ ಹುಳಿ, ರಾತ್ರಿ ಮೂರು ದಿನ ಮುದ್ದೆ, ಉಳಿದ ದಿನ ಅನ್ನ ಅಥವಾ ಚಪಾತಿ. ಮೈದಾ, ಸಾಬಕ್ಕಿ, ಶ್ಯಾವಿಗೆ ಆ ಹಾಳೆಯಲ್ಲಿ ಎಲ್ಲಿಯೂ ಕಾಣಿಸಲಿಲ್ಲ. ಆದರೆ ಮೂರೂ ಕಪಾಟಿನಲ್ಲಿ ಕುಳಿತಿದ್ದವು.

ಇನ್ನು ಅಳತೆ. ಮನೆಯಲ್ಲಿ ಒಂದು ಪಾವು ಇಟ್ಟುಕೊಳ್ಳಿ, ಇಲ್ಲವಾದರೆ ಒಂದೇ ಲೋಟವನ್ನು ಅಳತೆಗೆಂದೇ ಮೀಸಲಿಡಿ. ಒಂದು ಪಾವು ಅಕ್ಕಿ ಹೆಚ್ಚುಕಡಿಮೆ 200 ಗ್ರಾಂ ತೂಗುತ್ತದೆ, ಹಾಗೂ ಕಚೇರಿಗೆ ಹೋಗಿ ಬರುವ ಇಬ್ಬರಿಗೆ ಒಂದು ಹೊತ್ತಿಗೆ ಸಾಕಾಗುತ್ತದೆ. ಅವಳ ಹಾಳೆಯ ಪ್ರಕಾರ ದಿನಕ್ಕೆ ಸರಾಸರಿ ಒಂದೂಕಾಲು ಪಾವು ಬೇಕಾಯಿತು. ತಿಂಗಳಿಗೆ ಏಳೂವರೆ ಕಿಲೋ. ದೋಸೆಗೆ ಒಂದೂವರೆ ಪಾವು ಅಕ್ಕಿಗೆ ಅರ್ಧ ಪಾವು ಉದ್ದಿನಬೇಳೆಯಂತೆ ವಾರಕ್ಕೊಮ್ಮೆ ರುಬ್ಬಿದರೆ ಎರಡು ದಿನದ ತಿಂಡಿಯಾಗುತ್ತದೆ, ಆದ್ದರಿಂದ ದೋಸೆ ಅಕ್ಕಿ ಒಂದೂವರೆ ಕಿಲೋ, ಉದ್ದಿನಬೇಳೆ ಒಗ್ಗರಣೆಯೂ ಸೇರಿ ಅರ್ಧ ಕಿಲೋ ಸಾಕು. ತೊಗರಿಬೇಳೆ ದಿನಕ್ಕೆ ಒಂದು ದೊಡ್ಡ ಹಿಡಿ, ಎಂದರೆ 60 ರಿಂದ 70 ಗ್ರಾಂ, ಬೀಳುತ್ತದೆ. ತಿಂಗಳಿಗೆ 2 ಕಿಲೋ. ಅವಳು ತರಿಸುತ್ತಿದ್ದದ್ದು ಒಂದೂಕಾಲು ಕಿಲೋ. ಬೇಳೆ ಏಕೆ ಸಾಲುತ್ತಿರಲಿಲ್ಲ ಎಂಬುದು ಆಗ ತಿಳಿಯಿತು: ತವರಿನಲ್ಲಿ ವಾರದ ಅರ್ಧ ದಿನ ಕಾಳು ಮತ್ತು ಸೊಪ್ಪಿನ ಬಸ್ಸಾರು ಆಗುತ್ತಿತ್ತು, ಇಲ್ಲಿ ಸಮಯವಿಲ್ಲದೆ ದಿನವೂ ಬೇಳೆಯೇ ಆಗುತ್ತಿತ್ತು.

ಅಕ್ಕಿಯ ವಿಷಯದಲ್ಲಿ ಒಂದು ಮಾತು ಮುಖ್ಯ. ಮೊದಲ ತಿಂಗಳೇ ದೊಡ್ಡ ಚೀಲವನ್ನು ಕೊಳ್ಳಬೇಡಿ. ಸೋನಾ ಮಸೂರಿ ಎಂಬ ಒಂದೇ ಹೆಸರಿನಲ್ಲಿ ಹೊಸ ಅಕ್ಕಿಯೂ ಬರುತ್ತದೆ, ಒಂದು ವರ್ಷ ಕಳೆದ ಹಳೆ ಅಕ್ಕಿಯೂ ಬರುತ್ತದೆ. ಹೊಸ ಅಕ್ಕಿಯ ಅನ್ನ ಮುದ್ದೆಯಾಗುತ್ತದೆ. ಹಳೆ ಅಕ್ಕಿ ಹೆಚ್ಚು ನೀರು ಹಿಡಿದು, ಹೆಚ್ಚು ಅರಳಿ, ಅಗುಳು ಬಿಡಿಯಾಗಿ ನಿಲ್ಲುತ್ತದೆ. ಅಂಗಡಿಯವರನ್ನು "ಹಳೆಯದೋ ಹೊಸದೋ" ಎಂದು ಕೇಳಿ ಒಂದು ಕಿಲೋ ತಂದು, ಎರಡು ದಿನ ಬೇಯಿಸಿ, ನಿಮ್ಮ ಕುಕ್ಕರಿಗೆ ಎಷ್ಟು ನೀರು ಬೇಕೆಂದು ನೋಡಿಕೊಂಡು ಆಮೇಲೆ ಉಳಿದದ್ದನ್ನು ತನ್ನಿ. ಡಬ್ಬಿಯಲ್ಲಿ ತೆಗೆದುಕೊಂಡು ಹೋಗುವ ಅನ್ನ ಮಧ್ಯಾಹ್ನಕ್ಕೆ ಅಂಟಂಟಾಗಿದ್ದರೆ ಕೈಗುಣವನ್ನು ದೂರುವುದಕ್ಕೆ ಮೊದಲು ಅಕ್ಕಿ ಹೊಸದೇ ಎಂದು ನೋಡಬೇಕು.

ತಿಂಗಳ ಉಳಿದ ಸಾಮಾನನ್ನು ನಾನು ಎರಡು ಗುಂಪಾಗಿ ನೋಡುತ್ತೇನೆ. ಇಡಿಯಾಗಿರುವುದು ಬಾಳುತ್ತದೆ, ಪುಡಿಯಾದದ್ದು ಬಾಳುವುದಿಲ್ಲ. ನಮ್ಮ ಹಿರಿಯರು ರಾಗಿಯನ್ನು ನೆಲದೊಳಗಿನ ಹಗೇವುಗಳಲ್ಲಿ ವರ್ಷಗಟ್ಟಲೆ ಇಡುತ್ತಿದ್ದರು, ಕಾಳು ಕೆಡುತ್ತಿರಲಿಲ್ಲ. ಅದೇ ರಾಗಿಯನ್ನು ಹಿಟ್ಟು ಮಾಡಿಸಿದ ಮೇಲೆ ಒಂದು ತಿಂಗಳಿಗೆ ಘಮ ಕಡಿಮೆಯಾಗಿ, ಮಳೆಗಾಲವಾದರೆ ಎರಡನೆಯ ತಿಂಗಳಿಗೆ ಹುಳುವೂ ಕಾಣಿಸಿಕೊಳ್ಳಬಹುದು. ಆದ್ದರಿಂದ ರಾಗಿ ಹಿಟ್ಟು, ಗೋಧಿ ಹಿಟ್ಟು ತಲಾ 2 ಕಿಲೋ ಮೀರದಿರಲಿ. ಹತ್ತಿರದಲ್ಲಿ ಗಿರಣಿ ಇದ್ದರೆ ಕಾಳನ್ನೇ ಕೊಂಡು, ಚೆನ್ನಾಗಿ ಒಣಗಿಸಿ, ಬೇಕಾದಷ್ಟನ್ನು ಮಾತ್ರ ಬೀಸಿಸಿರಿ. ಕಡಲೆಹಿಟ್ಟು ಕಾಲು ಕಿಲೋ ಸಾಕು. ಬೋಂಡ ಮಾಡುವ ದಿನ ಹೊಸದನ್ನು ತಂದರೂ ನಷ್ಟವಿಲ್ಲ. ಕಡಲೆಕಾಯಿ ಬೀಜ, ಒಣಕೊಬ್ಬರಿ, ಎಳ್ಳು ಎಣ್ಣೆಯಂಶವಿರುವ ವಸ್ತುಗಳಾದ್ದರಿಂದ ಬೇಗ ಕಮಟು ಹಿಡಿಯುತ್ತವೆ. ಅವು ಕಾಲು ಕಿಲೋ ಅಥವಾ ಅದಕ್ಕೂ ಕಡಿಮೆ ಇರಲಿ, ಅಂಗಡಿಯಲ್ಲೇ ಒಂದು ಬೀಜ ಬಾಯಿಗೆ ಹಾಕಿಕೊಂಡು ನೋಡಿ. ಉಪ್ಪು, ಬೆಲ್ಲ, ಸಕ್ಕರೆ, ಹುಣಸೆಹಣ್ಣು, ಸಾಸಿವೆ, ಮೆಂತ್ಯ, ಅರಿಸಿನ ಇವುಗಳನ್ನು ಎರಡು ತಿಂಗಳಿಗಾಗುವಷ್ಟು ತಂದರೂ ಭಯವಿಲ್ಲ. ಹುಣಸೆಹಣ್ಣನ್ನು ಬೀಜ ನಾರು ತೆಗೆದು, ಸ್ವಲ್ಪ ಉಪ್ಪು ಬೆರೆಸಿ ಗಾಜಿನ ಬಾಟಲಿಯಲ್ಲೋ ಪಿಂಗಾಣಿ ಜಾಡಿಯಲ್ಲೋ ಇಡಬೇಕು, ಲೋಹದ ಡಬ್ಬಿಯಲ್ಲಿ ಇಡಬಾರದು. ಅದರ ಹುಳಿ ಮತ್ತು ಉಪ್ಪು ಎರಡೂ ಲೋಹವನ್ನು ತಿನ್ನುತ್ತವೆ.

ಉಪ್ಪಿಟ್ಟಿನ ರವೆಗೆ ಹುಳು ಬೇಗ ಬರುತ್ತದೆ, ಅದನ್ನು ತಂದ ದಿನವೇ ಹುರಿದಿಡುವುದು ಒಳ್ಳೆಯದು. ದಪ್ಪ ತಳದ ಬಾಣಲೆಯಲ್ಲಿ ಎಣ್ಣೆ ಹಾಕದೆ, ಸಣ್ಣ ಉರಿಯಲ್ಲಿ, ಕೈಬಿಡದೆ ಕೆದಕುತ್ತಿರಿ. ರವೆ ಬೆಚ್ಚಗಾಗಿ, ಸೌಟಿನಿಂದ ಮರಳಿನಂತೆ ಹಗುರವಾಗಿ ಜಾರತೊಡಗುತ್ತದೆ, ಗೋಧಿಯ ಹುರಿದ ವಾಸನೆ ಬರುತ್ತದೆ. ಬಣ್ಣ ತಿರುಗುವುದಕ್ಕೆ ಮೊದಲೇ ಇಳಿಸಬೇಕು. ಬಾಣಲೆಯಲ್ಲೇ ಬಿಟ್ಟರೆ ಅದರ ಶಾಖಕ್ಕೆ ಅಡಿಯ ರವೆ ಕೆಂಪಾಗುತ್ತದೆಯಾದ್ದರಿಂದ ಅಗಲವಾದ ತಟ್ಟೆಗೆ ಸುರಿದು ಹರಡಿ. ಪೂರ್ತಿ ತಣ್ಣಗಾದ ಮೇಲೆಯೇ ಡಬ್ಬಿಗೆ ತುಂಬಬೇಕು. ನನ್ನ ತಂಗಿಯ ಮಗಳು ಹುರಿಯುವುದನ್ನೇನೋ ಹುರಿದಿದ್ದಳು, ಆದರೆ ಅವಸರಕ್ಕೆ ಬಿಸಿಯಿರುವಾಗಲೇ ತುಂಬಿ ಮುಚ್ಚಿದ್ದಳು. ಮುಚ್ಚಳದಡಿ ನೀರಿನ ಹನಿ ಕೂತು, ಮೇಲಿನ ರವೆ ಗಂಟು ಕಟ್ಟಿ, ಹುರಿದ ಶ್ರಮವೆಲ್ಲ ವ್ಯರ್ಥವಾಗಿತ್ತು. ಬೆರಳುಗಳಿಂದ ಉಜ್ಜಿದಾಗ ರವೆ ಎಳೆಯೆಳೆಯಾಗಿ ಅಂಟಿಕೊಂಡು ಬಂದರೆ ಅದರಲ್ಲಿ ಹುಳು ಗೂಡು ಕಟ್ಟಿದೆ ಎಂದೇ ಅರ್ಥ, ಜರಡಿ ಹಿಡಿದು ಉಳಿಸಿಕೊಳ್ಳಲು ಹೋಗಬೇಡಿ. ಬೇವಿನ ಎಲೆಯನ್ನೋ ಒಣಮೆಣಸಿನಕಾಯಿಯನ್ನೋ ಅಕ್ಕಿ ಬೇಳೆಯ ಡಬ್ಬಿಯಲ್ಲಿ ಇಡುವ ಪದ್ಧತಿಯಿದೆ, ನಾನೂ ಇಡುತ್ತೇನೆ. ಎಲೆ ಗರಿಗರಿಯಾಗಿ ಒಣಗಿರಬೇಕು, ಮತ್ತು ಈಗಾಗಲೇ ಬಂದ ಹುಳುವನ್ನು ಅದು ಕೊಲ್ಲುವುದಿಲ್ಲ ಎಂಬುದು ನೆನಪಿರಲಿ.

ಸಾರಿನ ಪುಡಿಯನ್ನು ತವರಿನಿಂದ ಕಿಲೋಗಟ್ಟಲೆ ಕಟ್ಟಿಸಿಕೊಂಡು ಬರುವುದು ಪ್ರೀತಿಯ ಪದ್ಧತಿ, ಆದರೆ ಇಬ್ಬರಿಗೆ ತಿಂಗಳಿಗೆ 200 ಗ್ರಾಂ ಖರ್ಚಾಗುವುದೇ ಕಷ್ಟ. ಮನೆಯಲ್ಲೇ ಮಾಡಿಕೊಳ್ಳುವುದಾದರೆ ಧನಿಯ 100 ಗ್ರಾಂ, ಬ್ಯಾಡಗಿ ಮೆಣಸಿನಕಾಯಿ 60 ಗ್ರಾಂ, ಖಾರಕ್ಕೆ ಗುಂಟೂರು 15 ಗ್ರಾಂ, ಜೀರಿಗೆ 20 ಗ್ರಾಂ, ಮೆಣಸು 10 ಗ್ರಾಂ, ಮೆಂತ್ಯ ಮತ್ತು ಸಾಸಿವೆ ಎರಡೆರಡು ಚಮಚ, ಒಂದು ಹಿಡಿ ಕರಿಬೇವು ಸಾಕು. ಬ್ಯಾಡಗಿ ಬಣ್ಣಕ್ಕೆ ಮತ್ತು ಘಮಕ್ಕೆ, ಅದರಲ್ಲಿ ಖಾರ ಕಡಿಮೆ. ಒಂದೊಂದನ್ನೂ ಬೇರೆಬೇರೆಯಾಗಿ ಹುರಿಯಬೇಕು, ಏಕೆಂದರೆ ಧನಿಯ ಹದಕ್ಕೆ ಬರುವಷ್ಟರಲ್ಲಿ ಮೆಂತ್ಯ ಕಪ್ಪಾಗಿರುತ್ತದೆ. ಮೆಂತ್ಯ ಕಂದು ದಾಟಿತೆಂದರೆ ಇಡೀ ಪುಡಿ ಕಹಿ. ಕರಿಬೇವು ಹಿಡಿದರೆ ಪುಡಿಯಾಗುವಂತೆ ಒಣಗಿರಬೇಕು, ಇಲ್ಲದಿದ್ದರೆ ಅದರ ತೇವದಿಂದಲೇ ಪುಡಿ ಬೂಷ್ಟು ಹಿಡಿಯುತ್ತದೆ. ಇಂಗನ್ನು ಪುಡಿಗೂ ಒಗ್ಗರಣೆ ಡಬ್ಬಿಗೂ ಹಾಕದೆ, ಬಿಗಿ ಮುಚ್ಚಳದ ಚಿಕ್ಕ ಬಾಟಲಿಯಲ್ಲಿ ಪ್ರತ್ಯೇಕವಾಗಿಡಿ.

ಎಣ್ಣೆ 2 ಲೀಟರ್ ಸಾಕಾಗುತ್ತದೆ. ಕೊಳ್ಳುವಾಗ ಪೊಟ್ಟಣದ ಗಾತ್ರವನ್ನಲ್ಲ, ತೂಕವನ್ನು ಓದಿ. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ, ನೋಡಲು ಅಷ್ಟೇ ಕಾಣುವ ಕಡಿಮೆ ತೂಕದ ಪೊಟ್ಟಣಗಳೂ ಅಂಗಡಿಯಲ್ಲಿ ಇರುತ್ತವೆ. ಹೆಸರುಕಾಳು, ಅಲಸಂದೆ, ಹುರಳಿಕಾಳು, ಕಡಲೆಕಾಳು ಇವುಗಳಲ್ಲಿ ತಿಂಗಳಿಗೆ ಎರಡನ್ನು ಮಾತ್ರ, ತಲಾ ಕಾಲು ಕಿಲೋ ತನ್ನಿ. ಮುಂದಿನ ತಿಂಗಳು ಉಳಿದೆರಡು. ತರಕಾರಿ ಇಲ್ಲದ ದಿನ ರಾತ್ರಿ ನೆನೆಹಾಕಿದ ಒಂದು ಹಿಡಿ ಕಾಳು ಸಾರಿಗೂ ಪಲ್ಯಕ್ಕೂ ಆಗುತ್ತದೆ, ಬೇಳೆಯ ಖರ್ಚೂ ತಗ್ಗುತ್ತದೆ.

ಡಬ್ಬಿಗಳಿಗೆ ಮೊದಲೇ ಹಣ ಸುರಿಯಬೇಡಿ. ಅಕ್ಕಿಗೆ ಒಂದು ದೊಡ್ಡ ಸ್ಟೀಲ್ ಡಬ್ಬಿ, ಬೇಳೆ ಹಿಟ್ಟುಗಳಿಗೆ ಎರಡು ಕಿಲೋ ಹಿಡಿಯುವ ನಾಲ್ಕು ಡಬ್ಬಿ ಮತ್ತು ಒಂದು ಒಗ್ಗರಣೆ ಡಬ್ಬಿ ಇದ್ದರೆ, ಮಿಕ್ಕದ್ದಕ್ಕೆಲ್ಲ ತೊಳೆದು ಬಿಸಿಲಿಗೆ ಒಣಗಿಸಿದ ಗಾಜಿನ ಬಾಟಲಿಗಳು ಆಗುತ್ತವೆ. ಹಳೆಯದರ ಮೇಲೆ ಹೊಸದನ್ನು ಎಂದೂ ಸುರಿಯಬಾರದು. ಅಡಿಯಲ್ಲಿ ಉಳಿದ ಹಿಡಿಯಷ್ಟು ರವೆಯಲ್ಲಿರುವ ಮೊಟ್ಟೆಯೇ ಹೊಸ ರವೆಗೂ ಹುಳು ತರುತ್ತದೆ. ಉಳಿದದ್ದನ್ನು ತೆಗೆದಿಟ್ಟು, ಡಬ್ಬಿಯನ್ನು ಒರೆಸಿ ಬಿಸಿಲಿಗಿಟ್ಟು, ಹೊಸದನ್ನು ತುಂಬಿ, ತೆಗೆದಿಟ್ಟದ್ದನ್ನು ಮೊದಲು ಖರ್ಚು ಮಾಡಿ. ಪ್ರತಿ ಡಬ್ಬಿಯ ಮೇಲೂ ತುಂಬಿದ ತಾರೀಕನ್ನು ಬರೆದ ಚೀಟಿ ಅಂಟಿಸಿ.

ಅವಳು ಆ ತಾರೀಕುಗಳನ್ನು ನೋಡಿಕೊಂಡೇ ಮುಂದಿನ ಪಟ್ಟಿಯನ್ನು ತಿದ್ದಿದಳು. ಎರಡನೆಯ ತಿಂಗಳ ಕೊನೆಗೆ ಗೋಧಿ ಹಿಟ್ಟು ಅರ್ಧ ಉಳಿದಿತ್ತು, ಅದು ಒಂದು ಕಿಲೋಗೆ ಇಳಿಯಿತು. ಅವಲಕ್ಕಿ 25ಕ್ಕೇ ಮುಗಿದಿತ್ತು, ಅರ್ಧ ಕಿಲೋ ಇದ್ದದ್ದು ಮುಕ್ಕಾಲಾಯಿತು. ತೊಗರಿಬೇಳೆ 2 ಕಿಲೋದಲ್ಲಿ ಎರಡು ಹಿಡಿ ಮಿಕ್ಕಿತ್ತು, ಅದನ್ನು ಹಾಗೆಯೇ ಬಿಟ್ಟೆವು.